ಹುಳಿ ಹಾಲಿನ ಕ್ಯಾನು ಮತ್ತು ಮೂರು ಕೌಶಲಗಳು

ಬಿ.ಕಾಂ., ಬಿಬಿಎ, ಎಂಬಿಎ ಓದುವವರ ನೋಟ್‌ಬುಕ್ಕುಗಳಲ್ಲಿ ತಪ್ಪದೆ ಸಿಗುವ ಚಿತ್ರವೊಂದಿದೆ. ಪಕ್ಕಪಕ್ಕದಲ್ಲಿ ಒಂದೇ ಎತ್ತರದ ಮೂರು ಕಂಬಗಳು. ಎಡಗಡೆಯದು ಮೇಲ್ವಿಚಾರಣಾ ಹಂತ, ನಡುವಿನದು ಮಧ್ಯಮ ಹಂತ, ಬಲಗಡೆಯದು ಉನ್ನತ ಹಂತ. ಪ್ರತಿ ಕಂಬದಲ್ಲೂ ಮೂರು ಪದರಗಳು. ತಳದ ಪದರ ತಾಂತ್ರಿಕ ಕೌಶಲದ್ದು, ಅದು ಎಡದಲ್ಲಿ ದಪ್ಪಗಿದ್ದು ಬಲಕ್ಕೆ ಹೋದಂತೆ ತೆಳ್ಳಗಾಗುತ್ತದೆ. ಮೇಲಿನ ಪದರ ಪರಿಕಲ್ಪನಾ ಕೌಶಲದ್ದು, ಅದು ಎಡದಲ್ಲಿ ತೆಳ್ಳಗಿದ್ದು ಬಲಕ್ಕೆ ಹೋದಂತೆ ದಪ್ಪವಾಗುತ್ತದೆ. ನಡುವೆ ಇರುವ ಮಾನವ ಸಂಬಂಧ ಕೌಶಲ ಮಾತ್ರ ಮೂರೂ ಕಂಬಗಳಲ್ಲಿ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿರುತ್ತದೆ.

ಯುಜಿಸಿ-ನೆಟ್ ಪರೀಕ್ಷೆಯ ಮ್ಯಾನೇಜ್‌ಮೆಂಟ್ ವಿಷಯದ ಪಠ್ಯಕ್ರಮದಲ್ಲಿ ನಿರ್ವಾಹಕರ ಪಾತ್ರಗಳು ಮತ್ತು ಕೌಶಲಗಳು ಮೊದಲ ಘಟಕದಲ್ಲೇ ಬರುತ್ತವೆ. ಪದವಿ ಪರೀಕ್ಷೆಗಳಲ್ಲಿ ಇದು ಐದು ಅಂಕಕ್ಕೋ ಹತ್ತು ಅಂಕಕ್ಕೋ ಕೇಳುವ ಪ್ರಶ್ನೆ. ಚಿತ್ರ ಬರೆದು ಮೂರು ಹೆಸರು ಗುರುತಿಸಿದರೆ ಅರ್ಧ ಅಂಕ ಬಂದಂತೆಯೇ. ತೊಡಕು ಶುರುವಾಗುವುದು ಪ್ರಶ್ನೆಯಲ್ಲಿ ಒಂದು ಸಂಗತಿಯನ್ನು ಕೊಟ್ಟು, ಇಲ್ಲಿ ಕೆಲಸ ಮಾಡಿದ್ದು ಯಾವ ಕೌಶಲ ಎಂದು ಕೇಳಿದಾಗ. ಚಿತ್ರವನ್ನು ಬಾಯಿಪಾಠ ಮಾಡಿದವರು ಆಗ ಪ್ರಶ್ನೆಯಲ್ಲಿರುವ ಹುದ್ದೆಯನ್ನು ನೋಡುತ್ತಾರೆ. ಮ್ಯಾನೇಜಿಂಗ್ ಡೈರೆಕ್ಟರ್ ಎಂದಿದ್ದರೆ ಪರಿಕಲ್ಪನಾ, ಸೂಪರ್‌ವೈಸರ್ ಎಂದಿದ್ದರೆ ತಾಂತ್ರಿಕ ಎಂದು ಗುರುತು ಹಾಕುತ್ತಾರೆ. ಬಹಳಷ್ಟು ಅಂಕಗಳು ಕೈತಪ್ಪುವುದು ಇಲ್ಲಿಯೇ. ಈ ವಿಂಗಡಣೆಯನ್ನು ಮೊದಲು ಮಾಡಿದವರು ಕೌಶಲವನ್ನು ಗುರುತಿಸಿದ್ದು ಕುರ್ಚಿಯಿಂದಲ್ಲ, ಕೆಲಸದ ಸ್ವಭಾವದಿಂದ.

1955ರ ಲೇಖನ

ಆ ವಿಂಗಡಣೆ ರಾಬರ್ಟ್ ಎಲ್. ಕಾಟ್ಜ್ ಅವರದು. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಏಮಸ್ ಟಕ್ ಬಿಸಿನೆಸ್ ಸ್ಕೂಲಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಿದ್ದಾಗ ಅವರು ಪರಿಣಾಮಕಾರಿ ಆಡಳಿತಗಾರನಿಗೆ ಬೇಕಾದ ಕೌಶಲಗಳ ಬಗ್ಗೆ ಒಂದು ಲೇಖನ ಬರೆದರು. ಅದು ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ ಪತ್ರಿಕೆಯ 1955ರ ಜನವರಿ-ಫೆಬ್ರವರಿ ಸಂಚಿಕೆಯಲ್ಲಿ ಪ್ರಕಟವಾಯಿತು.

ಆಗ ಅಮೆರಿಕದ ಕಂಪನಿಗಳಲ್ಲಿ ‘ಆದರ್ಶ ಅಧಿಕಾರಿ’ಯನ್ನು ಹುಡುಕುವ ಭರಾಟೆ ಜೋರಾಗಿತ್ತು. ಧೈರ್ಯ, ನಿರ್ಧಾರಶಕ್ತಿ, ಪ್ರಾಮಾಣಿಕತೆ ಎಂದು ಗುಣಗಳ ಉದ್ದನೆಯ ಪಟ್ಟಿ ಮಾಡಿಕೊಂಡು, ಅವೆಲ್ಲ ಯಾರಲ್ಲಿವೆ ಎಂದು ಅಳೆಯಲು ಹೊರಟಿದ್ದರು. ಕಾಟ್ಜ್ ಅವರ ಆಕ್ಷೇಪ ಸರಳವಾಗಿತ್ತು. ಮನುಷ್ಯ ಹೇಗಿದ್ದಾನೆ ಎಂದು ಕೇಳುವ ಬದಲು ಅವನು ಏನು ಮಾಡಬಲ್ಲ ಎಂದು ಕೇಳೋಣ ಎಂದರು. ಅವರ ದೃಷ್ಟಿಯಲ್ಲಿ ಕೌಶಲವೆಂದರೆ ಕಲಿಸಬಹುದಾದದ್ದು, ಬೆಳೆಸಬಹುದಾದದ್ದು. ಒಳಗೆ ಅಡಗಿರುವ ಸಾಮರ್ಥ್ಯವಾಗಿ ಉಳಿಯದೆ ಮಾಡಿದ ಕೆಲಸದಲ್ಲಿ ಅದು ಕಾಣಬೇಕು.

ಅಂಥ ಕೌಶಲಗಳನ್ನು ಅವರು ಮೂರಾಗಿ ವಿಂಗಡಿಸಿದರು. ಒಂದು ನಿರ್ದಿಷ್ಟ ಕೆಲಸದ ವಿಧಾನ, ಪ್ರಕ್ರಿಯೆ, ಉಪಕರಣಗಳಲ್ಲಿ ಪಳಗಿರುವುದು ತಾಂತ್ರಿಕ ಕೌಶಲ. ಯಂತ್ರ ಬಿಚ್ಚಿ ಜೋಡಿಸುವವರದು ಮಾತ್ರ ತಾಂತ್ರಿಕ ಎಂದು ಅನೇಕರು ತಿಳಿದಿರುತ್ತಾರೆ, ಅದು ಸರಿಯಲ್ಲ. ಶಸ್ತ್ರವೈದ್ಯ, ಸಂಗೀತಗಾರ, ಅಕೌಂಟೆಂಟ್ ತಮ್ಮ ತಮ್ಮ ಕೆಲಸದಲ್ಲಿ ತೋರಿಸುವ ಪರಿಣತಿಯೂ ಇದೇ ಗುಂಪಿಗೆ ಸೇರುತ್ತದೆ. ಗುಂಪಿನೊಳಗೆ ಒಬ್ಬರಾಗಿ ಕೆಲಸ ಮಾಡುವುದು, ತಾನು ಮುನ್ನಡೆಸುವವರ ನಡುವೆ ಸಹಕಾರ ಕುದುರಿಸುವುದು ಮಾನವ ಸಂಬಂಧ ಕೌಶಲ. ಸಂಸ್ಥೆಯನ್ನು ಇಡಿಯಾಗಿ ನೋಡುವುದು, ಒಂದು ಭಾಗದಲ್ಲಿ ಆದ ಬದಲಾವಣೆ ಮಿಕ್ಕ ಭಾಗಗಳಿಗೆ ಏನು ಮಾಡುತ್ತದೆ ಎಂದು ಗ್ರಹಿಸುವುದು, ಸಂಸ್ಥೆಗೂ ಹೊರಗಿನ ಮಾರುಕಟ್ಟೆ, ಸರ್ಕಾರ, ಸಮಾಜಗಳಿಗೂ ಇರುವ ನಂಟನ್ನು ಕಾಣುವುದು ಪರಿಕಲ್ಪನಾ ಕೌಶಲ.

ಹಂತ ಏರಿದಂತೆ ಬೇಕಾದ ಸಾಮರ್ಥ್ಯಗಳ ಪಾಲು ಬದಲಾಗುತ್ತದೆ ಎಂಬುದನ್ನು ಕಾಟ್ಜ್‌ಗಿಂತ ಮೊದಲೇ ಒಬ್ಬರು ಅಂಕಿಗಳಲ್ಲಿ ಬರೆದಿಟ್ಟಿದ್ದರು. ಅವರು ಫ್ರಾನ್ಸಿನ ಗಣಿ ಎಂಜಿನಿಯರ್ ಹೆನ್ರಿ ಫಯೋಲ್. 1916ರಲ್ಲಿ ಬೆಳಕಿಗೆ ಬಂದ ಅವರ ಕೃತಿಯಲ್ಲಿ ದೊಡ್ಡ ಕೈಗಾರಿಕೆಯೊಂದರ ಸಿಬ್ಬಂದಿಗೆ ಬೇಕಾದ ಸಾಮರ್ಥ್ಯಗಳ ಕೋಷ್ಟಕವೊಂದಿದೆ. ಕಾರ್ಮಿಕನಿಗೆ ತಾಂತ್ರಿಕ ಸಾಮರ್ಥ್ಯದ ಪಾಲು ನೂರಕ್ಕೆ 85, ಆಡಳಿತದ ಪಾಲು 5. ಫೋರ್‌ಮನ್‌ಗೆ ಬಂದರೆ ಅವು 60 ಮತ್ತು 15. ಇಡೀ ಕಾರ್ಖಾನೆಯ ನಿರ್ದೇಶಕನಿಗೆ ತಾಂತ್ರಿಕದ ಪಾಲು 15ಕ್ಕೆ ಇಳಿದು ಆಡಳಿತದ್ದು 40ಕ್ಕೆ ಏರುತ್ತದೆ. ಇವು ಅಳೆದು ಪಡೆದ ಅಂಕಿಗಳಲ್ಲ, ಗಣಿ ಕಂಪನಿಯೊಂದನ್ನು ದೀರ್ಘಕಾಲ ನಡೆಸಿದ ಮನುಷ್ಯನ ಅಂದಾಜು. ಜೊತೆಗೆ ಫಯೋಲ್ ಸಾಮರ್ಥ್ಯಗಳನ್ನು ಆರಾಗಿ ವಿಂಗಡಿಸಿದ್ದರು, ಕಾಟ್ಜ್ ಕೌಶಲಗಳನ್ನು ಮೂರಾಗಿ. ಆದ್ದರಿಂದ ಪರೀಕ್ಷೆಯಲ್ಲಿ ಒಬ್ಬರ ಕೋಷ್ಟಕವನ್ನು ಇನ್ನೊಬ್ಬರ ಹೆಸರಿಗೆ ಬರೆಯುವಂತಿಲ್ಲ.

ಡೈರಿಯ ಡಾಕ್‌ನಲ್ಲಿ

ಮೂರು ಹಂತಗಳಲ್ಲಿ ಈ ಪಾಲು ಹೇಗೆ ಬದಲಾಗುತ್ತದೆ ಎಂದು ತಿಳಿಯಲು ಒಂದೇ ಸಮಸ್ಯೆಯನ್ನು ಹಿಡಿದು ಕೆಳಗಿನಿಂದ ಮೇಲಕ್ಕೆ ಹೋಗುವುದು ಒಳ್ಳೆಯದು. ಕರ್ನಾಟಕದ ಓದುಗರಿಗೆ ಹಾಲು ಒಕ್ಕೂಟ ಗೊತ್ತಿರುವ ಸಂಸ್ಥೆ. ಹಳ್ಳಿಯಲ್ಲಿ ಉತ್ಪಾದಕರ ಸಹಕಾರ ಸಂಘ, ಜಿಲ್ಲಾ ಮಟ್ಟದಲ್ಲಿ ಒಕ್ಕೂಟ, ರಾಜ್ಯಕ್ಕೆ ಮಹಾಮಂಡಳ. ಅಂಥ ಒಂದು ಒಕ್ಕೂಟವನ್ನು ಕಲ್ಪಿಸಿಕೊಳ್ಳೋಣ.

ಏಪ್ರಿಲ್ ತಿಂಗಳ ಒಂದು ರಾತ್ರಿ. ಸಂಜೆ ಕರೆದ ಹಾಲು ಹೊತ್ತ ಲಾರಿ ಡೈರಿಯ ಡಾಕ್‌ಗೆ ಬಂದು ನಿಲ್ಲುತ್ತದೆ. ಕ್ಯಾನುಗಳ ಮುಚ್ಚಳ ತೆಗೆಯುತ್ತಿದ್ದಂತೆ ಡಾಕ್ ಸೂಪರ್‌ವೈಸರ್ ಒಂದೊಂದನ್ನೂ ಮೂಸಿ ನೋಡುತ್ತಾರೆ. ಒಂದು ಹಳ್ಳಿಯ ಮೂರು ಕ್ಯಾನುಗಳ ವಾಸನೆಯಲ್ಲಿ ಅನುಮಾನ. ಅವುಗಳಿಂದ ತೆಗೆದ ಸ್ವಲ್ಪ ಹಾಲನ್ನು ಟೆಸ್ಟ್ ಟ್ಯೂಬಿಗೆ ಹಾಕಿ ಕುದಿಸುತ್ತಾರೆ. ಡೈರಿಗಳಲ್ಲಿ ಇದಕ್ಕೆ ಸಿ.ಓ.ಬಿ. ಪರೀಕ್ಷೆ ಎನ್ನುತ್ತಾರೆ. ಕುದಿಸಿದಾಗ ಹಾಲು ಒಡೆದು ಟ್ಯೂಬಿನ ಗೋಡೆಗೆ ಚೂರುಚೂರಾಗಿ ಅಂಟಿಕೊಂಡರೆ ಅದು ಹುಳಿಯಾಗಲು ಶುರುವಾಗಿದೆ ಎಂದು ಅರ್ಥ. ಇಂಥ ಹಾಲು ಪಾಶ್ಚರೀಕರಣದ ಶಾಖವನ್ನು ತಡೆಯದು. ಒಂದು ಕ್ಯಾನು ಗಮನ ತಪ್ಪಿ ಒಳಗೆ ಹೋದರೂ ದೊಡ್ಡ ಟ್ಯಾಂಕಿನ ಒಳ್ಳೆಯ ಹಾಲು ಅಪಾಯಕ್ಕೆ ಸಿಲುಕುತ್ತದೆ. ಸೂಪರ್‌ವೈಸರ್‌ಗೆ ನಿರ್ಧರಿಸಲು ಇರುವುದು ಕೆಲವೇ ನಿಮಿಷ. ಮೂಗು, ಟ್ಯೂಬು, ಉರಿ ಇವುಗಳ ಮೇಲಿನ ಹಿಡಿತವೇ ಅಲ್ಲಿ ಮುಖ್ಯ. ಇದು ತಾಂತ್ರಿಕ ಕೌಶಲ, ಅವರ ಕಂಬದಲ್ಲಿ ದಪ್ಪಗಿರುವ ಪದರ.

ಆದರೆ ಮೂರು ಕ್ಯಾನು ವಾಪಸ್ ಕಳಿಸುವುದು ಬರೀ ಪರೀಕ್ಷೆಯ ವಿಷಯವಲ್ಲ. ಮರುದಿನ ಬೆಳಿಗ್ಗೆ ಆ ಹಳ್ಳಿಯ ಸಂಘದ ಕಾರ್ಯದರ್ಶಿ ಬಂದು, ‘ನಮ್ಮೂರ ಹಾಲು ಮಾತ್ರ ಹೇಗೆ ಕೆಟ್ಟಿತು ಸಾರ್? ನಿಮ್ಮ ಲಾರಿ ಬಂದದ್ದೇ ತಡ’ ಎಂದು ಜಗಳಕ್ಕೆ ನಿಲ್ಲುತ್ತಾರೆ. ಅವರ ಹಿಂದೆ ಹಾಲು ಹಾಕಿ ದುಡ್ಡು ಕಾಯುವ ಮನೆಗಳಿವೆ. ಸೂಪರ್‌ವೈಸರ್ ದನಿ ಏರಿಸದೆ ರಿಜಿಸ್ಟರ್ ತೆರೆದು ತೋರಿಸಬೇಕು, ಮುಂದಿನ ಸಲ ಪರೀಕ್ಷೆಯನ್ನು ಅವರ ಎದುರಿಗೇ ಮಾಡುತ್ತೇನೆ ಎನ್ನಬೇಕು, ಇತ್ತ ತನ್ನ ಕೈಕೆಳಗಿನ ಹುಡುಗರು ‘ಬಿಡಿ ಸಾರ್, ಒಂದು ಸಲ ಹೋಗಲಿ’ ಎನ್ನದಂತೆಯೂ ನೋಡಿಕೊಳ್ಳಬೇಕು. ಕೆಳ ಹಂತದಲ್ಲೂ ಮಾನವ ಸಂಬಂಧದ ಪದರ ಏಕೆ ಅಷ್ಟು ದಪ್ಪ ಎಂಬುದಕ್ಕೆ ಉತ್ತರ ಈ ಡಾಕ್‌ನಲ್ಲಿದೆ.

ಈಗ ಒಂದು ಮೆಟ್ಟಿಲು ಮೇಲೆ, ಹಾಲು ಶೇಖರಣೆ ನೋಡಿಕೊಳ್ಳುವ ಉಪವ್ಯವಸ್ಥಾಪಕರ ಟೇಬಲ್ಲಿಗೆ. ಅವರು ಟ್ಯೂಬ್ ಹಿಡಿಯುವುದಿಲ್ಲ, ತಿರಸ್ಕೃತ ಹಾಲಿನ ರಿಜಿಸ್ಟರ್ ನೋಡುತ್ತಾರೆ. ಹತ್ತು ದಿನಗಳ ದಾಖಲೆ ಜೋಡಿಸಿದಾಗ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ವಾಪಸ್ ಹೋದ ಕ್ಯಾನುಗಳೆಲ್ಲ ಸಂಜೆಯ ಸರದಿಯವು, ಅದರಲ್ಲೂ ಲಾರಿ ಮೊದಲು ತುಂಬಿಕೊಳ್ಳುವ ಎರಡು ಹಳ್ಳಿಗಳವು. ಆ ಹಾಲು ಮಿಕ್ಕೆಲ್ಲ ಹಳ್ಳಿ ಸುತ್ತಿ ಡೈರಿಗೆ ಬರುವ ಹೊತ್ತಿಗೆ ಬೇಸಿಗೆಯ ಸೆಕೆಯಲ್ಲಿ ಗಂಟೆಗಟ್ಟಲೆ ಕಳೆದಿರುತ್ತದೆ. ತಣಿಸದ ಹಾಲಿನಲ್ಲಿ ಬ್ಯಾಕ್ಟೀರಿಯಾ ಎಷ್ಟು ಬೇಗ ಹೆಚ್ಚುತ್ತವೆ ಎಂಬುದು ಇವರಿಗೆ ಗೊತ್ತಿರಬೇಕು, ಇಲ್ಲದಿದ್ದರೆ ಈ ದಾಖಲೆಗೆ ಅರ್ಥವೇ ಹೊಳೆಯದು. ಆದರೆ ಪರಿಹಾರ ಇರುವುದು ಜನರ ನಡುವೆ. ಮಾರ್ಗ ಬದಲಿಸಲು ಲಾರಿ ಗುತ್ತಿಗೆದಾರ ಒಪ್ಪಬೇಕು. ಹಾಲು ಅಳೆಯುವ ಹೊತ್ತು ಬದಲಿಸಲು ಸಂಘದ ಅಧ್ಯಕ್ಷರು ಒಪ್ಪಬೇಕು. ಡಾಕ್‌ನ ಪಾಳಿ ಹೊಂದಿಸಲು ಪ್ಲಾಂಟಿನವರು ಒಪ್ಪಬೇಕು. ಇವರಲ್ಲಿ ಯಾರೂ ಉಪವ್ಯವಸ್ಥಾಪಕರ ಆಜ್ಞೆಗೆ ಕಟ್ಟುಬಿದ್ದವರಲ್ಲ. ಸೂಪರ್‌ವೈಸರ್ ತನ್ನ ತಂಡವನ್ನು ಸಂಭಾಳಿಸಿದರೆ ಸಾಕಾಗಿತ್ತು, ಇವರು ಬೇರೆ ಬೇರೆ ತಂಡಗಳನ್ನು ಹೊಂದಿಸಬೇಕು.

ಅದೇ ರಿಜಿಸ್ಟರಿನ ಸಾರಾಂಶ ಒಕ್ಕೂಟದ ವ್ಯವಸ್ಥಾಪಕ ನಿರ್ದೇಶಕರ ಮುಂದೆ ಬಂದಾಗ ಪ್ರಶ್ನೆಯೇ ಬದಲಾಗುತ್ತದೆ. ಒಂದು ಮಾರ್ಗ ಸರಿಹೋದರೆ ಮುಂದಿನ ಬೇಸಿಗೆಗೆ ಇನ್ನೊಂದು ಕೆಡುತ್ತದೆ. ಹಾಗಾದರೆ ಕ್ಯಾನುಗಳನ್ನೇ ಬಿಟ್ಟು, ನಾಲ್ಕಾರು ಹಳ್ಳಿಗಳ ನಡುವೆ ಒಂದರಂತೆ ಬಲ್ಕ್ ಮಿಲ್ಕ್ ಕೂಲರ್ ಹಾಕಿ, ಹಾಲನ್ನು ಅಲ್ಲಿಯೇ 4 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದರೆ? ಆಗ ದಿನಕ್ಕೆ ಎರಡು ಸಲ ಓಡುವ ಲಾರಿಗಳ ಬದಲು ಒಂದೇ ಸಲ ಟ್ಯಾಂಕರ್ ಸಾಕು. ಆದರೆ ಕೂಲರ್‌ಗೆ ವಿದ್ಯುತ್ ಬೇಕು, ವಿದ್ಯುತ್ ಹೋದಾಗ ಜನರೇಟರ್ ಬೇಕು, ಡೀಸೆಲ್ ಖರ್ಚು ಯಾರದೆಂದು ತೀರ್ಮಾನವಾಗಬೇಕು. ಕೆಡುವ ಹಾಲು ಉಳಿದರೆ ಡೈರಿಗೆ ಬರುವ ಹಾಲು ಹೆಚ್ಚುತ್ತದೆ. ಬೇಸಿಗೆಯಲ್ಲಿ ಅದು ಒಳ್ಳೆಯ ಸುದ್ದಿ. ಮಳೆಯಾಗಿ ಹಸಿರು ಮೇವು ಎದ್ದ ಮೇಲೆ ಹಾಲು ಉಕ್ಕಿ ಬಂದಾಗ ಅದನ್ನು ಪುಡಿಯೋ ಬೆಣ್ಣೆಯೋ ಮಾಡುವ ಸಾಮರ್ಥ್ಯ ಇದೆಯೇ? ಲಾರಿ ಗುತ್ತಿಗೆದಾರರು ಕೆಲಸ ಕಳೆದುಕೊಂಡರೆ ಆಡಳಿತ ಮಂಡಳಿಯಲ್ಲಿ ಏನು ಮಾತು ಬರುತ್ತದೆ? ಒಂದು ಎಳೆ ಎಳೆದರೆ ಎಲ್ಲೆಲ್ಲಿ ಅಲುಗುತ್ತದೆ ಎಂದು ಮೊದಲೇ ಕಾಣುವ ಈ ಶಕ್ತಿಯೇ ಪರಿಕಲ್ಪನಾ ಕೌಶಲ.

ನಿರ್ದೇಶಕರಿಗೆ ತಾಂತ್ರಿಕ ಜ್ಞಾನ ಬೇಡವಾಯಿತೇ? ಇಲ್ಲ. ಕೂಲರ್ ಕಂಪನಿಯ ಪ್ರತಿನಿಧಿ ಎದುರಿಗೆ ಕೂತಾಗ, ‘ಕರೆಂಟ್ ಹೋದ ಮೇಲೆ ಎಷ್ಟು ಗಂಟೆ ಹಾಲು ತಣ್ಣಗಿರುತ್ತದೆ?’ ಎಂದು ಕೇಳುವಷ್ಟಾದರೂ ಬೇಕೇಬೇಕು. ಕೂಲರ್ ರಿಪೇರಿ ಮಾಡಲು ಬರಬೇಕಿಲ್ಲ. ಪದರ ತೆಳ್ಳಗಾಗಿದೆ, ಅಳಿಸಿಹೋಗಿಲ್ಲ.

ಆನಂದದ ಮೂವರು

ಕಾಟ್ಜ್ ಲೇಖನ ಅಚ್ಚಾದ ವರ್ಷವೇ, 1955ರ ಅಕ್ಟೋಬರ್ 31ರಂದು, ಗುಜರಾತಿನ ಆನಂದದಲ್ಲಿ ಖೇಡಾ ಜಿಲ್ಲಾ ಹಾಲು ಒಕ್ಕೂಟದ ಹೊಸ ಡೈರಿಯನ್ನು ಪ್ರಧಾನಿ ನೆಹರೂ ಉದ್ಘಾಟಿಸಿದರು. ಅಮೂಲ್ ಹೆಸರಿನಿಂದ ಮುಂದೆ ಪ್ರಸಿದ್ಧವಾದದ್ದು ಇದೇ ಒಕ್ಕೂಟ. ಆ ಲೇಖನಕ್ಕೂ ಈ ಡೈರಿಗೂ ಯಾವ ಸಂಬಂಧವೂ ಇಲ್ಲ. ಆದರೂ ಮೂರು ಕೌಶಲಗಳು ಮೂವರು ವ್ಯಕ್ತಿಗಳಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುವ ಉದಾಹರಣೆ ಅಪರೂಪ.

ಒಕ್ಕೂಟ 1946ರಲ್ಲಿ ಹುಟ್ಟಿದಾಗ ಅಧ್ಯಕ್ಷರಾದವರು ಗಾಂಧಿವಾದಿ ತ್ರಿಭುವನದಾಸ್ ಪಟೇಲ್. ಹಳ್ಳಿಹಳ್ಳಿ ತಿರುಗಿ ಸಂಘ ಕಟ್ಟಿದವರು ಅವರು. ದಲ್ಲಾಳಿಗಳಿಗೆ ಹಾಲು ಹಾಕುತ್ತಿದ್ದ ರೈತರು ತಮ್ಮದೇ ಸಂಘವನ್ನು ನಂಬುವಂತೆ ಮಾಡಿದ್ದು ಅವರ ಮಾತು ಮತ್ತು ನಡತೆ. ವರ್ಗೀಸ್ ಕುರಿಯನ್ ಆನಂದಕ್ಕೆ ಬಂದದ್ದು 1949ರಲ್ಲಿ, ಸರ್ಕಾರಿ ಕ್ರೀಮರಿಯ ಎಂಜಿನಿಯರ್ ಆಗಿ. ಪಕ್ಕದಲ್ಲೇ ಇದ್ದ ಒಕ್ಕೂಟದವರ ಹಳೆಯ ಯಂತ್ರಗಳು ಪದೇಪದೇ ಕೆಟ್ಟಾಗ ಸರಿಮಾಡಿಕೊಡುತ್ತಿದ್ದರು. ಕೊನೆಗೆ ತ್ರಿಭುವನದಾಸರ ಮಾತಿಗೆ ಕಟ್ಟುಬಿದ್ದು ಅಲ್ಲಿಯೇ ಉಳಿದು ಒಕ್ಕೂಟದ ಮ್ಯಾನೇಜರ್ ಆದರು. ಮೂರನೆಯವರು ಎಚ್.ಎಂ. ದಲಾಯ, ಹಾಲಿನ ತಂತ್ರಜ್ಞ.

ಆನಂದದ ದೊಡ್ಡ ತೊಂದರೆ ಚಳಿಗಾಲದ ಹಾಲು. ಎಮ್ಮೆಗಳು ಆ ಕಾಲದಲ್ಲಿ ಬೇಸಿಗೆಯ ಎರಡು ಪಟ್ಟಿಗೂ ಹೆಚ್ಚು ಹಾಲು ಕೊಡುತ್ತಿದ್ದವು, ಅಷ್ಟನ್ನೂ ಮುಂಬಯಿ ಕೊಳ್ಳುತ್ತಿರಲಿಲ್ಲ. ಉಳಿದದ್ದನ್ನು ಪುಡಿ ಮಾಡಿದರೆ ಬೇಸಿಗೆಗೆ ಒದಗುತ್ತಿತ್ತು. ಆದರೆ ಎಮ್ಮೆ ಹಾಲಿನಿಂದ ಪುಡಿ ಮಾಡಲಾಗದು ಎಂಬುದು ಆಗಿನ ಹೊರದೇಶದ ಪರಿಣತರ ಅಭಿಪ್ರಾಯವಾಗಿತ್ತು. ಆಗುತ್ತದೆ ಎಂದು ಮಾಡಿ ತೋರಿಸಿದವರು ದಲಾಯ. ಅದು ಅಪ್ಪಟ ತಾಂತ್ರಿಕ ಕೌಶಲ. ಪುಡಿ ಏಕೆ ಬೇಕು, ಅದರಿಂದ ರೈತನಿಗೆ ವರ್ಷವಿಡೀ ಹಾಲು ಕೊಳ್ಳುವ ಭರವಸೆ ಕೊಡಲು ಹೇಗೆ ಸಾಧ್ಯ, ಆ ಭರವಸೆ ಸಿಕ್ಕರೆ ಸಂಘಗಳು ಎಷ್ಟು ಬೆಳೆಯುತ್ತವೆ ಎಂದು ಕೂಡಿಸಿ ನೋಡಿದ್ದು ಕುರಿಯನ್.

ಕುರಿಯನ್ ಅವರ ಪರಿಕಲ್ಪನಾ ಕೌಶಲ ಪೂರ್ತಿ ಬೆಳಕಿಗೆ ಬಂದದ್ದು 1970ರಲ್ಲಿ ಆರಂಭವಾದ ‘ಆಪರೇಷನ್ ಫ್ಲಡ್’ ಯೋಜನೆಯಲ್ಲಿ. ಯುರೋಪಿನಲ್ಲಿ ಹಾಲಿನ ಪುಡಿ, ಬೆಣ್ಣೆ ಎಣ್ಣೆ ರಾಶಿಬಿದ್ದಿದ್ದವು. ಅವು ಭಾರತಕ್ಕೆ ಅಗ್ಗವಾಗಿ ಹರಿದುಬಂದರೆ ಇಲ್ಲಿನ ಹಾಲಿನ ಬೆಲೆ ಕುಸಿದು ರೈತ ಎಮ್ಮೆ ಮಾರಬೇಕಾಗುತ್ತಿತ್ತು. ಬೇಡವೆಂದರೆ ನಗರಗಳ ಡೈರಿಗಳಿಗೆ ಹಾಲಿನ ಕೊರತೆ. ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯ ಅಧ್ಯಕ್ಷರಾಗಿದ್ದ ಕುರಿಯನ್ ಅದನ್ನು ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ದಾನವಾಗಿ ಪಡೆಯುವ, ಆದರೆ ಪುಕ್ಕಟೆ ಹಂಚದೆ ಹಾಲಾಗಿ ಪರಿವರ್ತಿಸಿ ನಗರಗಳಲ್ಲಿ ಮಾರುಕಟ್ಟೆ ಬೆಲೆಗೇ ಮಾರುವ ಯೋಜನೆ ಮಾಡಿದರು. ಬಂದ ಹಣ ಹಳ್ಳಿಗಳ ಸಂಘ, ಶೀತಲೀಕರಣ ಕೇಂದ್ರ, ಡೈರಿಗಳಿಗೆ ಹೋಯಿತು. ರೈತನಿಗೆ ಅಪಾಯವಾಗಬಹುದಾಗಿದ್ದ ಪುಡಿಯೇ ಅವನ ಡೈರಿಗೆ ಬಂಡವಾಳವಾಯಿತು. ಯಂತ್ರ ರಿಪೇರಿಯಿಂದ ಕೆಲಸ ಶುರುಮಾಡಿದ ಎಂಜಿನಿಯರ್ ಇಪ್ಪತ್ತು ವರ್ಷಗಳಲ್ಲಿ ಎರಡು ಖಂಡಗಳ ಹಾಲಿನ ಲೆಕ್ಕವನ್ನು ಒಟ್ಟಿಗೆ ಹಿಡಿದಿದ್ದರು. ಈ ಆನಂದ್ ಮಾದರಿ 1974ರಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆಯಾಗಿ ಕರ್ನಾಟಕಕ್ಕೆ ಬಂತು, ಇಂದಿನ ಕರ್ನಾಟಕ ಹಾಲು ಮಹಾಮಂಡಳದ ಬೇರು ಅಲ್ಲಿದೆ.

ಕಾಟ್ಜ್ ಹೇಳಿದ ಮಾತೊಂದು ಇಲ್ಲಿ ನೆನಪಿಡುವಂಥದು. ಮೇಲಿನ ಹಂತದ ಮುಖ್ಯಸ್ಥನಲ್ಲಿ ತಾಂತ್ರಿಕ ಅಥವಾ ಮಾನವ ಸಂಬಂಧ ಕೌಶಲ ಕಡಿಮೆಯಿದ್ದರೂ ಕೈಕೆಳಗಿನ ಸಮರ್ಥರು ಅದನ್ನು ತುಂಬಿಕೊಡಬಹುದು. ಪರಿಕಲ್ಪನಾ ಕೌಶಲವೇ ದುರ್ಬಲವಾದರೆ ಇಡೀ ಸಂಸ್ಥೆಯ ಯಶಸ್ಸೇ ಅಪಾಯಕ್ಕೆ ಬೀಳುತ್ತದೆ. ಉನ್ನತ ಹಂತದ ಕಂಬದಲ್ಲಿ ಆ ಪದರ ದಪ್ಪಗಿರಲು ಕಾರಣ ಇದು.

ಪ್ರಶ್ನೆಯಲ್ಲಿರುವ ಬಲೆಗಳು

ಹೇಳಿಕೆಗಳ ರೂಪದ ಪ್ರಶ್ನೆಯೊಂದನ್ನು ಬಿಡಿಸಿ ನೋಡಬಹುದು. ಹೇಳಿಕೆ ಒಂದು: ಉನ್ನತ ಹಂತದಲ್ಲಿ ಪರಿಕಲ್ಪನಾ ಕೌಶಲದ ಪಾಲು ಅತಿ ಹೆಚ್ಚು. ಹೇಳಿಕೆ ಎರಡು: ಆದ್ದರಿಂದ ಉನ್ನತ ಹಂತದ ನಿರ್ವಾಹಕರಿಗೆ ತಾಂತ್ರಿಕ ಕೌಶಲದ ಅಗತ್ಯವಿಲ್ಲ. ಮೊದಲನೆಯದು ಸರಿ, ಎರಡನೆಯದು ತಪ್ಪು. ಅವಸರದಲ್ಲಿ ಓದಿದವರಿಗೆ ‘ಆದ್ದರಿಂದ’ ಎಂಬ ಪದ ಎರಡನ್ನೂ ಸರಿ ಎನಿಸುವಂತೆ ಮಾಡುತ್ತದೆ. ಅಗತ್ಯವಿಲ್ಲ, ಮಾತ್ರ, ಎಂದಿಗೂ, ಸಂಪೂರ್ಣ ಎಂಬಂಥ ಪದಗಳು ಈ ವಿಷಯದಲ್ಲಿ ಕಂಡರೆ ಒಂದು ಕ್ಷಣ ನಿಲ್ಲಬೇಕು. ಕಾಟ್ಜ್ ಮಾತಾಡುವುದು ಪಾಲಿನ ಬಗ್ಗೆ, ಇದೆ-ಇಲ್ಲ ಎಂಬುದರ ಬಗ್ಗೆ ಅಲ್ಲ.

ಇನ್ನೊಂದು ಪ್ರಶ್ನೆ: ಕಂಪನಿಯೊಂದರ ಹಣಕಾಸು ನಿರ್ದೇಶಕರು ತಾವೇ ಕೂತು ವರ್ಷದ ಆಯವ್ಯಯ ಪಟ್ಟಿಯ ತಪ್ಪು ಹುಡುಕಿ ಸರಿಪಡಿಸಿದರು. ಇಲ್ಲಿ ಬಳಕೆಯಾದ ಕೌಶಲ ಯಾವುದು? ನಿರ್ದೇಶಕರು ಎಂಬ ಪದ ಪರಿಕಲ್ಪನಾ ಎನ್ನುವ ಕಡೆಗೆ ಎಳೆಯುತ್ತದೆ. ಆದರೆ ಲೆಕ್ಕಪತ್ರದ ವಿಧಾನ ಬಲ್ಲವರು ಮಾಡುವ ಕೆಲಸ ಅದು, ಉತ್ತರ ತಾಂತ್ರಿಕ. ಅವರೇ ಮುಂದೆ ಹೋಗಿ, ಸಾಲ ತಗ್ಗಿಸಿದರೆ ಮಾರಾಟ ವಿಭಾಗದ ವಿಸ್ತರಣೆ ನಿಲ್ಲುತ್ತದೆಯೇ, ಪ್ರತಿಸ್ಪರ್ಧಿ ಆ ಜಾಗಕ್ಕೆ ಬರುತ್ತಾನೆಯೇ ಎಂದು ತೂಗಿದ್ದರೆ ಅದು ಪರಿಕಲ್ಪನಾ ಆಗುತ್ತಿತ್ತು. ಪ್ರಶ್ನೆಯ ಕ್ರಿಯಾಪದ ಯಾವುದರ ಸುತ್ತ ತಿರುಗುತ್ತಿದೆ ಎಂದು ನೋಡಿದರೆ ದಾರಿ ಸಿಗುತ್ತದೆ. ವಿಧಾನ ಮತ್ತು ಉಪಕರಣದ ಸುತ್ತಲೋ, ಜನರ ಸುತ್ತಲೋ, ಭಾಗಗಳ ನಡುವಿನ ಸಂಬಂಧದ ಸುತ್ತಲೋ?

ಹೊಂದಿಸಿ ಬರೆಯುವ ಪ್ರಶ್ನೆಗಳಲ್ಲಿ ಹೆಸರುಗಳು ಕಲಸಿಹೋಗುತ್ತವೆ. ಹೆನ್ರಿ ಮಿಂಟ್ಸ್‌ಬರ್ಗ್ 1973ರ ಪುಸ್ತಕದಲ್ಲಿ ನಿರ್ವಾಹಕನ ಹತ್ತು ಪಾತ್ರಗಳನ್ನು ಮೂರು ಗುಂಪು ಮಾಡಿದರು, ಅವು ವ್ಯಕ್ತಿ ಸಂಬಂಧ, ಮಾಹಿತಿ ಮತ್ತು ನಿರ್ಧಾರದ ಗುಂಪುಗಳು. ಅಲ್ಲಿಯೂ ಮೂರು, ಇಲ್ಲಿಯೂ ಮೂರು, ಒಂದರಲ್ಲಿ ಮಾನವ ಸಂಬಂಧ ಇನ್ನೊಂದರಲ್ಲಿ ವ್ಯಕ್ತಿ ಸಂಬಂಧ, ಗೊಂದಲಕ್ಕೆ ಇಷ್ಟು ಸಾಕು. ಮಿಂಟ್ಸ್‌ಬರ್ಗ್ ಹೇಳಿದ್ದು ನಿರ್ವಾಹಕ ಯಾವ ಯಾವ ಪಾತ್ರ ವಹಿಸುತ್ತಾನೆ ಎಂದು, ಕಾಟ್ಜ್ ಹೇಳಿದ್ದು ಅವನಿಗೆ ಏನೇನು ಬರಬೇಕು ಎಂದು. ಕೂಂಟ್ಜ್ ಮತ್ತು ವೈರಿಖ್ ಅವರ ಪಠ್ಯಪುಸ್ತಕ ಓದಿದವರಿಗೆ ನಾಲ್ಕನೆಯ ಕೌಶಲವೂ ಸಿಕ್ಕಿರುತ್ತದೆ, ಸಮಸ್ಯೆಗೆ ಕಾರ್ಯಸಾಧ್ಯವಾದ ಪರಿಹಾರ ರೂಪಿಸುವ ವಿನ್ಯಾಸ ಕೌಶಲ. ಅದನ್ನು ಕಾಟ್ಜ್ ಪಟ್ಟಿಗೆ ಸೇರಿಸಿ ಬರೆದರೆ ತಪ್ಪು, ನಂತರದವರು ಸೇರಿಸಿದ್ದು ಎಂದರೆ ಸರಿ.

ಕಾಟ್ಜ್ ತಿದ್ದಿಕೊಂಡದ್ದು

1974ರಲ್ಲಿ ಅದೇ ಪತ್ರಿಕೆ ಲೇಖನವನ್ನು ಮರುಮುದ್ರಿಸಿದಾಗ ಕಾಟ್ಜ್ ಅದಕ್ಕೊಂದು ಹಿನ್ನೋಟ ಬರೆದು ತಮ್ಮ ಮಾತುಗಳನ್ನೇ ಪರಿಷ್ಕರಿಸಿದರು. ಮಾನವ ಸಂಬಂಧ ಕೌಶಲ ಒಂದೇ ಅಲ್ಲ, ಎರಡು ಎಂದರು. ತನ್ನ ಘಟಕದೊಳಗೆ ಮುಂದಾಳತ್ವ ವಹಿಸುವುದು ಒಂದು, ಬೇರೆ ಬೇರೆ ಗುಂಪುಗಳ ನಡುವೆ ಸಂಬಂಧ ಕುದುರಿಸುವುದು ಇನ್ನೊಂದು. ಒಂದರಲ್ಲಿ ಎತ್ತಿದ ಕೈ ಆದವರು ಇನ್ನೊಂದರಲ್ಲಿ ಸಾಧಾರಣವಾಗಿರುವುದನ್ನು ಅವರು ಮತ್ತೆ ಮತ್ತೆ ಕಂಡಿದ್ದರು. ಡಾಕ್ ಸೂಪರ್‌ವೈಸರ್‌ಗೂ ಉಪವ್ಯವಸ್ಥಾಪಕರಿಗೂ ಇದ್ದ ವ್ಯತ್ಯಾಸ ಇದೇ. ನಡುವಿನ ಪದರದ ದಪ್ಪ ಬದಲಾಗಲಿಲ್ಲ, ಒಳಗಿನ ಸರಕು ಬದಲಾಯಿತು. ತನ್ನ ಪಾಳಿಯ ಹುಡುಗರನ್ನು ಚೆನ್ನಾಗಿ ನಡೆಸಿದ್ದಕ್ಕೆ ಬಡ್ತಿ ಪಡೆದವರು ಮೇಲಿನ ಕುರ್ಚಿಯಲ್ಲಿ ತಮ್ಮ ಹಳೆಯ ತಂಡದ ಪರ ವಕಾಲತ್ತು ಮಾಡುತ್ತಲೇ ಉಳಿದು, ಮಿಕ್ಕ ವಿಭಾಗಗಳೊಂದಿಗೆ ಜಗಳ ಕಾಯುವುದಕ್ಕೆ ಕಾರಣವೂ ಇಲ್ಲಿ ಸಿಗುತ್ತದೆ.

ಪರಿಕಲ್ಪನಾ ಕೌಶಲದ ಬಗ್ಗೆಯೂ ಅವರಿಗೆ ಮೊದಲಿದ್ದ ವಿಶ್ವಾಸ ಉಳಿದಿರಲಿಲ್ಲ. ಮಾರ್ಗದರ್ಶನದಿಂದ, ವಿಭಾಗದಿಂದ ವಿಭಾಗಕ್ಕೆ ವರ್ಗ ಮಾಡುವುದರಿಂದ ಇದನ್ನು ಬೆಳೆಸಬಹುದು ಎಂದು 1955ರಲ್ಲಿ ನಂಬಿದ್ದವರು, ಹೀಗೆ ಯೋಚಿಸುವ ಅಭ್ಯಾಸ ಎಳೆಯ ವಯಸ್ಸಿನಲ್ಲೇ ಬಂದಿರದಿದ್ದರೆ ನಂತರ ಬೆಳೆಸುವುದು ಕಷ್ಟ ಎಂಬ ಕಡೆಗೆ ವಾಲಿದರು. ಸಣ್ಣ ಕಂಪನಿಗಳ ಮುಖ್ಯಸ್ಥರಿಗೆ ತಾಂತ್ರಿಕ ಕೌಶಲವೂ ಮುಖ್ಯ ಎಂದು ಒಪ್ಪಿದರು, ಏಕೆಂದರೆ ಅಲ್ಲಿ ಅದನ್ನು ತುಂಬಿಕೊಡುವ ಪರಿಣತರು ಕೈಕೆಳಗೆ ಇರುವುದಿಲ್ಲ. ಹತ್ತು ಜನರ ಸಾಫ್ಟ್‌ವೇರ್ ಕಂಪನಿ ಕಟ್ಟಿದವರು ರಾತ್ರಿ ಕೂತು ಕೋಡ್ ತಿದ್ದುವುದು ಈ ಚಿತ್ರಕ್ಕೆ ವಿರೋಧವಲ್ಲ, ದೊಡ್ಡ ಸಂಸ್ಥೆಯನ್ನು ಮನಸ್ಸಿನಲ್ಲಿಟ್ಟು ಬರೆದ ಚಿತ್ರದ ಎಲ್ಲೆ ಅದು.

ಎಲ್ಲಕ್ಕಿಂತ ದೊಡ್ಡ ಎಲ್ಲೆ ಕಂಬಗಳ ಎತ್ತರದ್ದು. ಪುಸ್ತಕದ ಚಿತ್ರದಲ್ಲಿ ಮೂರೂ ಒಂದೇ ಎತ್ತರ, ಹಾಗಾಗಿ ಒಂದು ಕೌಶಲ ಹೆಚ್ಚಬೇಕಾದರೆ ಇನ್ನೊಂದು ಇಳಿಯಲೇಬೇಕು. ವಾಸ್ತವದಲ್ಲಿ ಹಾಗಿದೆಯೇ? ಟ್ರಾಯ್ ಮಮ್‌ಫರ್ಡ್, ಮೈಕೆಲ್ ಕ್ಯಾಂಪಿಯನ್, ಫ್ರೆಡರಿಕ್ ಮಾರ್ಗ್‌ಸನ್ 2007ರಲ್ಲಿ ಕಿರಿಯ, ಮಧ್ಯಮ, ಹಿರಿಯ ಹಂತಗಳ ಸುಮಾರು ಒಂದು ಸಾವಿರ ನಿರ್ವಾಹಕರ ಅಧ್ಯಯನವೊಂದನ್ನು ಪ್ರಕಟಿಸಿದರು. ಅವರು ಕೌಶಲಗಳನ್ನು ವಿಂಗಡಿಸಿದ್ದು ನಾಲ್ಕಾಗಿ, ಅವು ಗ್ರಹಿಕೆಯವು, ವ್ಯಕ್ತಿ ಸಂಬಂಧದವು, ವ್ಯವಹಾರದವು ಮತ್ತು ಕಾರ್ಯತಂತ್ರದವು. ಹಂತ ಏರಿದಂತೆ ಕೌಶಲಗಳ ಬೇಡಿಕೆ ಒಟ್ಟಾರೆ ಹೆಚ್ಚುತ್ತಲೇ ಹೋಗುತ್ತದೆ, ಕಾರ್ಯತಂತ್ರದ ಬೇಡಿಕೆ ಮೇಲಿನ ಹಂತದಲ್ಲಿ ಮಾತ್ರ ಪೂರ್ತಿಯಾಗಿ ಕಾಣುತ್ತದೆ ಎಂಬುದು ಅವರಿಗೆ ಸಿಕ್ಕ ಉತ್ತರ. ಅಂದರೆ ಮೇಲಿನ ಹಂತದ ಕಂಬವೇ ಎತ್ತರ. ಪಾಲು ಕಡಿಮೆಯಾದ ಕೌಶಲವೂ ಪ್ರಮಾಣದಲ್ಲಿ ಕಡಿಮೆಯಾಗಿರಬೇಕೆಂದೇನಿಲ್ಲ.

ಹತ್ತು ಅಂಕದ ಉತ್ತರ ಬರೆಯುವವರಿಗೆ ಇದರ ಉಪಯೋಗ ನೇರವಾಗಿದೆ. ಕಾಟ್ಜ್, 1955 ಎಂದು ಆರಂಭಿಸಿ, ಮೂರು ವ್ಯಾಖ್ಯೆಗಳನ್ನು ಒಂದೊಂದು ಉದಾಹರಣೆಯೊಂದಿಗೆ ಬರೆದು, ಕಂಬಗಳ ಚಿತ್ರ ಹಾಕಿ, ಒಂದೇ ಸಮಸ್ಯೆಯನ್ನು ಮೂರು ಹಂತಗಳಲ್ಲಿ ಹಾಯಿಸಿ ತೋರಿಸಿದರೆ ಉತ್ತರದ ಮುಖ್ಯ ಭಾಗ ಮುಗಿಯುತ್ತದೆ. ಕೊನೆಯ ಎರಡು ವಾಕ್ಯಗಳಲ್ಲಿ 1974ರ ಪರಿಷ್ಕರಣೆಯನ್ನೂ, ಚಿತ್ರ ತೋರಿಸುವುದು ಪಾಲನ್ನೇ ಹೊರತು ಒಟ್ಟು ಪ್ರಮಾಣವನ್ನಲ್ಲ ಎಂಬುದನ್ನೂ ಬರೆದರೆ, ಚಿತ್ರವನ್ನು ನೋಡಿ ಬರೆದವರ ಉತ್ತರಕ್ಕೂ ಅರ್ಥಮಾಡಿಕೊಂಡು ಬರೆದವರ ಉತ್ತರಕ್ಕೂ ಇರುವ ಅಂತರ ಮೌಲ್ಯಮಾಪಕರಿಗೆ ಕಾಣುತ್ತದೆ.